ಹಳೆಯ ಮೊಬೈಲ್ ಫೋನನ್ನು ಮಾರುವ ಅಥವಾ ಕೊಡುವ ಮುನ್ನ: ಅದರೊಳಗಿನ ಖಾತೆ ಮತ್ತು ಬೀಗವನ್ನು ತೆಗೆಯುವ ಕ್ರಮ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ.

ಗ್ರಾಮ ಪಂಚಾಯಿತಿಯೊಂದರ ಸದಸ್ಯರು ಹೊಸ ಫೋನ್ ಕೊಂಡ ನಂತರ ತಮ್ಮ ನಾಲ್ಕು ವರ್ಷ ಹಳೆಯ ಆಂಡ್ರಾಯ್ಡ್ ಫೋನನ್ನು ಊರಿನ ಅರಿವು ಕೇಂದ್ರಕ್ಕೆ ಬರುವ ಮಕ್ಕಳ ಬಳಕೆಗಾಗಿ ಕೊಡಲು ನಿಶ್ಚಯಿಸಿದರು. ತಮ್ಮ ಸಂದೇಶಗಳೂ ಚಿತ್ರಗಳೂ ಮಕ್ಕಳ ಕೈಗೆ ಹೋಗಬಾರದೆಂಬ ಎಚ್ಚರಿಕೆ ಅವರಿಗಿತ್ತು. ಆದುದರಿಂದ ಪೇಟೆಯ ಅಂಗಡಿಯೊಂದರಲ್ಲಿ ಫೋನನ್ನು ಪೂರ್ತಿಯಾಗಿ ಅಳಿಸಿಕೊಡಲು ಹೇಳಿದರು. ಅಂಗಡಿಯವರು ಫೋನನ್ನು ಆರಿಸಿ, ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು, ಐದೇ ನಿಮಿಷದಲ್ಲಿ ಎಲ್ಲವನ್ನೂ ಅಳಿಸಿಕೊಟ್ಟರು. ಮರುದಿನ ಅರಿವು ಕೇಂದ್ರದ ಮೇಲ್ವಿಚಾರಕರು ಫೋನನ್ನು ಆನ್ ಮಾಡಿ, ಭಾಷೆಯನ್ನು ಆರಿಸಿ, ವೈಫೈಗೆ ಜೋಡಿಸಿದರು. ಅಲ್ಲಿಗೆ ಫೋನ್ ನಿಂತಿತು. ಈ ಸಾಧನವನ್ನು ಮರುಹೊಂದಿಸಲಾಗಿದೆ, ಮುಂದುವರಿಯಲು ಇದರಲ್ಲಿ ಹಿಂದೆ ಇದ್ದ ಗೂಗಲ್ ಖಾತೆಯನ್ನು ನಮೂದಿಸಿ ಎಂಬರ್ಥದ ಸೂಚನೆ ತೆರೆಯ ಮೇಲೆ ಬಂದಿತು. ದಾಟಿ ಮುಂದೆ ಹೋಗಲು ದಾರಿ ಇರಲಿಲ್ಲ.

ಸದಸ್ಯರನ್ನು ವಿಚಾರಿಸಿದಾಗ ಖಾತೆಯ ಹೆಸರು ಅವರಿಗೆ ತಿಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಫೋನ್ ಮಾರಿದ ಅಂಗಡಿಯ ಹುಡುಗನೇ ಏನೋ ಒಂದು ಹೆಸರಿನಲ್ಲಿ ಖಾತೆ ತೆರೆದು, ಏನೋ ಒಂದು ಪಾಸ್‌ವರ್ಡ್ ಹಾಕಿ ಕೊಟ್ಟಿದ್ದನು. ಆಗ ಕೊಟ್ಟಿದ್ದ ಮೊಬೈಲ್ ಸಂಖ್ಯೆಯೂ ಈಗ ಅವರ ಬಳಿ ಇರಲಿಲ್ಲ. ಫೋನಿನಲ್ಲಿ ಯಾವ ದೋಷವೂ ಇಲ್ಲದೆ ಅದು ಬಳಕೆಗೆ ಬಾರದಂತಾಯಿತು. ಇಂತಹ ಫೋನ್‌ಗಳು ನಮ್ಮ ಕಚೇರಿಗಳ ಬೀರುಗಳಲ್ಲಿಯೂ ಇರುವುದನ್ನು ತಾವು ಕಂಡಿರಬಹುದು. ಇದು ಏಕೆ ಹೀಗಾಗುತ್ತದೆ, ಆಗದಂತೆ ನೋಡಿಕೊಳ್ಳುವುದು ಹೇಗೆ, ಆಗಿಹೋದಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಳಿಸಿದರೂ ಉಳಿಯುವ ಬೀಗ

ಫೋನ್ ಕದ್ದವರು ಅದನ್ನು ಅಳಿಸಿ ಹೊಸದರಂತೆ ಮಾರಿಕೊಳ್ಳಬಾರದೆಂಬ ಉದ್ದೇಶದಿಂದ ಈ ಬೀಗವನ್ನು ರೂಪಿಸಲಾಯಿತು. ಐಫೋನಿನಲ್ಲಿ ಇದು 2013ರಲ್ಲಿಯೂ ಆಂಡ್ರಾಯ್ಡ್ ಫೋನ್‌ಗಳಲ್ಲಿ 2015ರಲ್ಲಿಯೂ ಬಳಕೆಗೆ ಬಂದಿತು. ಆಂಡ್ರಾಯ್ಡ್ ಬೀಗವನ್ನು ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎನ್ನುತ್ತಾರೆ. ಅಂಗಡಿಗಳಲ್ಲಿ ಎಫ್‌ಆರ್‌ಪಿ ಎಂಬ ಹೆಸರೇ ರೂಢಿ. ಇದನ್ನು ಯಾರೂ ಪ್ರತ್ಯೇಕವಾಗಿ ಹಾಕಬೇಕಾಗಿಲ್ಲ. ಫೋನಿಗೆ ಗೂಗಲ್ ಖಾತೆಯೊಂದನ್ನು ಸೇರಿಸಿ, ತೆರೆಗೆ ಪಿನ್, ಪ್ಯಾಟರ್ನ್ ಅಥವಾ ಪಾಸ್‌ವರ್ಡ್ ಇಟ್ಟ ಕೂಡಲೇ ಅದು ತಾನಾಗಿ ಜಾರಿಗೆ ಬರುತ್ತದೆ. ಹೀಗಾಗಿ ತಮ್ಮ ಫೋನಿಗೆ ಇಂತಹ ಬೀಗವಿದೆ ಎಂಬುದೇ ಬಹುಮಂದಿಗೆ ತಿಳಿದಿರುವುದಿಲ್ಲ.

ಫೋನಿನ ಸಂಗ್ರಹದಲ್ಲಿ ನಮ್ಮ ಚಿತ್ರ, ಸಂದೇಶ, ಆ್ಯಪ್‌ಗಳಿರುವ ಭಾಗ ಒಂದು. ಅಳಿಸಿದಾಗ ಬರಿದಾಗುವುದು ಆ ಭಾಗ. ಅದರಿಂದ ಬೇರೆಯಾದ ಒಂದು ಚಿಕ್ಕ ಮೂಲೆಯಲ್ಲಿ, ಈ ಫೋನ್ ಇಂತಹ ಖಾತೆಯವರದು ಎಂಬ ಗುರುತು ಇರುತ್ತದೆ. ಗುಂಡಿಗಳನ್ನು ಒತ್ತಿಹಿಡಿದು ಅಳಿಸಿದಾಗ ಆ ಮೂಲೆಯನ್ನು ಯಾರೂ ಮುಟ್ಟುವುದಿಲ್ಲ. ಅಳಿಸಿದವರು ಮಾಲೀಕರೋ ಕಳ್ಳರೋ ಫೋನಿಗೆ ತಿಳಿಯದು. ಪಿನ್ ಕೊಡದೆ ಮಾಡಿದ ಕೆಲಸವಾದ್ದರಿಂದ ಅದು ಸಂಶಯದಿಂದಲೇ ನೋಡುತ್ತದೆ. ಅದೇ ಫೋನನ್ನು ತೆರೆದು, ಒಳಗಿನ ಸೆಟ್ಟಿಂಗ್ಸ್ ಮೂಲಕ ಖಾತೆಯನ್ನು ತೆಗೆದು, ಪಿನ್ ಕೊಟ್ಟು ಅಳಿಸಿದರೆ ಆ ಗುರುತೂ ಹೋಗುತ್ತದೆ. ಮೇಲೆ ಹೇಳಿದ ಸದಸ್ಯರ ಫೋನಿನಲ್ಲಿ ಆದ ತಪ್ಪು ಇಷ್ಟೇ: ಕೆಲಸ ಸರಿ, ಮಾಡಿದ ಬಾಗಿಲು ಬೇರೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳುವುದು ಸೂಕ್ತ. ಫೋನ್ ತೆರೆಯಲು ಬರುತ್ತಿರುವಷ್ಟು ಕಾಲ ಗೂಗಲ್ ಖಾತೆಯನ್ನು ಅದರಿಂದ ತೆಗೆಯಲು ಸಾಮಾನ್ಯವಾಗಿ ಖಾತೆಯ ಪಾಸ್‌ವರ್ಡ್ ಬೇಕಾಗುವುದಿಲ್ಲ. ತೆರೆಯ ಪಿನ್ ಅಥವಾ ಪ್ಯಾಟರ್ನ್ ಸಾಕು. ಅಳಿಸಿದ ಮೇಲೆ ಬೀಗ ಬಿದ್ದರೆ ಆಗ ಪಾಸ್‌ವರ್ಡ್ ಬೇಕಾಗುತ್ತದೆ. ಸದಸ್ಯರು ತಮ್ಮ ಮನೆಯಲ್ಲಿಯೇ ಒಂದು ನಿಮಿಷ ಕುಳಿತಿದ್ದರೆ ಮುಗಿಯುತ್ತಿದ್ದ ಕೆಲಸ ಅಂಗಡಿಗೆ ಹೋದುದರಿಂದ ಕಠಿಣವಾಯಿತು.

ತೆಗೆಯುವ ಮೊದಲು

ಖಾತೆಯನ್ನು ಫೋನಿನಿಂದ ತೆಗೆಯುವುದೂ ಖಾತೆಯನ್ನೇ ರದ್ದುಪಡಿಸುವುದೂ ಬೇರೆ ಬೇರೆ ಸಂಗತಿಗಳು. ತೆಗೆದರೆ ಆ ಫೋನಿಗೂ ಖಾತೆಗೂ ಇರುವ ಸಂಬಂಧ ಮಾತ್ರ ಕಡಿಯುತ್ತದೆ. ಪತ್ರಗಳು, ಖಾತೆಯಲ್ಲಿ ಉಳಿಸಿದ ದೂರವಾಣಿ ಸಂಖ್ಯೆಗಳು, ಚಿತ್ರಗಳು ಗೂಗಲ್‌ನಲ್ಲಿ ಇದ್ದ ಹಾಗೆಯೇ ಇದ್ದು ಹೊಸ ಫೋನಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಈ ವ್ಯತ್ಯಾಸ ತಿಳಿಯದೆ ಕೆಲವರು ಅಂಜಿ ಖಾತೆಯನ್ನು ತೆಗೆಯುವುದೇ ಇಲ್ಲ. ಮತ್ತೆ ಕೆಲವರು ಇದಕ್ಕಿಂತ ಹಾನಿಕರವಾದುದನ್ನು ಮಾಡುತ್ತಾರೆ. ಖಾತೆ ಫೋನಿನಲ್ಲಿ ಇರುವಾಗಲೇ ಚಿತ್ರಗಳನ್ನೂ ಸಂಖ್ಯೆಗಳನ್ನೂ ಒಂದೊಂದಾಗಿ ಕೈಯಿಂದ ಅಳಿಸುತ್ತಾ ಹೋಗುತ್ತಾರೆ. ಆಗ ಫೋನು ಆ ಅಳಿಸುವಿಕೆಯನ್ನು ಖಾತೆಗೂ ತಿಳಿಸುತ್ತದೆ. ಸಂಜೆ ಹೊಸ ಫೋನನ್ನು ನೋಡಿದರೆ ಅಲ್ಲಿಯೂ ಸಂಖ್ಯೆಗಳು ಮಾಯವಾಗಿರುತ್ತವೆ. ಒಂದೊಂದಾಗಿ ಅಳಿಸುವ ಶ್ರಮವೇ ಬೇಡ. ಮೊದಲು ಖಾತೆಯನ್ನು ತೆಗೆಯಬೇಕು, ನಂತರ ಫೋನನ್ನು ಒಟ್ಟಾಗಿ ಅಳಿಸಬೇಕು.

ಆದರೆ ಅಳಿಸಿದ ಮೇಲೆ ಹಿಂದಿರುಗಿ ಬಾರದವು ಕೆಲವು ಇವೆ. ಫೋನಿನ ಒಳಗೇ ಉಳಿಸಿದ, ಖಾತೆಗೆ ಸೇರದ ಸಂಖ್ಯೆಗಳು ಮೊದಲನೆಯವು. ಸಂಪರ್ಕಗಳ ಪಟ್ಟಿಯಲ್ಲಿ ಪ್ರತಿಯೊಂದು ಹೆಸರೂ ಎಲ್ಲಿ ಉಳಿದಿದೆ ಎಂಬುದನ್ನು ನೋಡಬಹುದು. ಫೋನಿನಲ್ಲಿ ಎಂದು ಇದ್ದವನ್ನು ಖಾತೆಗೆ ಸಾಗಿಸಿಕೊಳ್ಳಬೇಕು. ಕಾಮಗಾರಿಗಳ ಛಾಯಾಚಿತ್ರಗಳು ಹಾಗೂ ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿಯ ದಾಖಲೆಗಳು ನೆಟ್‌ವರ್ಕ್ ಸಿಗದ ಸ್ಥಳದಲ್ಲಿ ತೆಗೆದವಾಗಿದ್ದು ಇನ್ನೂ ಅಪ್‌ಲೋಡ್ ಆಗದಿದ್ದರೆ ಅವೂ ಫೋನಿನೊಂದಿಗೇ ಅಳಿಯುತ್ತವೆ. ಇವನ್ನು ಮೊದಲು ಕಳುಹಿಸಿ, ಕಳುಹಿಸಿದ್ದು ತಲುಪಿದೆಯೇ ಎಂದು ಕಚೇರಿಯ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವುದು ಒಳಿತು. ವಾಟ್ಸ್‌ಆ್ಯಪ್ ಸಂಭಾಷಣೆಗಳು ಬೇಕಾದಲ್ಲಿ ಅವುಗಳ ಪ್ರತಿ ಗೂಗಲ್ ಖಾತೆಯಲ್ಲಿಯೇ ಉಳಿಯುವುದರಿಂದ, ಆ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ತಮಗೆ ತಿಳಿದಿರಬೇಕು. ತಿಳಿಯದಿದ್ದರೆ ಫೋನ್ ಇನ್ನೂ ತೆರೆಯುತ್ತಿರುವಾಗಲೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಖಾತೆ ಸೇರಿಕೊಂಡಿರುವ ಫೋನಿನಿಂದಲೇ ಕೇಳಿದಾಗ ಗೂಗಲ್ ಬಹುಮಟ್ಟಿಗೆ ತೆರೆಯ ಪಿನ್ನನ್ನೇ ಗುರುತಾಗಿ ಒಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಹಳೆಯ ಫೋನೇ ಕೀಲಿಯಾಗಿರುವ ಸಂದರ್ಭ. ಎರಡು ಹಂತದ ಪರಿಶೀಲನೆ ಇರುವ ಖಾತೆಗಳಲ್ಲಿ, ಹೊಸ ಫೋನಿನಿಂದ ಪ್ರವೇಶಿಸಲು ಯತ್ನಿಸಿದಾಗ ಹಳೆಯ ಫೋನಿನ ತೆರೆಯ ಮೇಲೆ ‘ಇದು ನೀವೇ ಹೌದೆ’ ಎಂಬ ಪ್ರಶ್ನೆ ಬರುತ್ತದೆ. ಕೆಲವು ಖಾತೆಗಳಿಗೆ ಆರು ಅಂಕಿಯ ಸಂಕೇತವನ್ನು ನೀಡುವ ಅಥೆಂಟಿಕೇಟರ್ ಆ್ಯಪ್ ಹಳೆಯ ಫೋನಿನಲ್ಲಿ ಮಾತ್ರ ಇರುತ್ತದೆ. ಇವನ್ನು ಹೊಸ ಫೋನಿಗೆ ಸಾಗಿಸದೆ ಹಳೆಯದನ್ನು ಅಳಿಸಿದರೆ ನಾವು ನಮ್ಮದೇ ಖಾತೆಯ ಹೊರಗೆ ನಿಲ್ಲುತ್ತೇವೆ. ಆದ ಕಾರಣ ಹೊಸ ಫೋನಿನಲ್ಲಿ ಎಲ್ಲ ಖಾತೆಗಳೂ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳೂ ಸರಿಯಾಗಿ ನಡೆಯುತ್ತಿರುವುದನ್ನು ಎರಡು ಮೂರು ದಿನ ನೋಡಿದ ನಂತರ ಹಳೆಯದಕ್ಕೆ ಕೈಹಾಕುವುದು ಕ್ಷೇಮ. ಅವಸರ ಮಾಡಬೇಕಾದ ಕೆಲಸ ಇದಲ್ಲ.

ತೆಗೆಯುವ ಕ್ರಮ

ಫೋನನ್ನು ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿ ವೈಫೈ ಅಥವಾ ಡೇಟಾ ಸಂಪರ್ಕದಲ್ಲಿ ಇಟ್ಟುಕೊಳ್ಳಬೇಕು. ಸೆಟ್ಟಿಂಗ್ಸ್ ತೆರೆದು ‘Passwords & accounts’ ಅಥವಾ ‘Accounts’ ಎಂದಿರುವಲ್ಲಿಗೆ ಹೋದರೆ ಫೋನಿನಲ್ಲಿರುವ ಖಾತೆಗಳ ಪಟ್ಟಿ ಕಾಣುತ್ತದೆ. ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪೆಟ್ಟಿಗೆಯಲ್ಲಿ account ಎಂದು ಬರೆದರೆ ಸಾಕು. ಪಟ್ಟಿಯಲ್ಲಿ ಗೂಗಲ್ ಖಾತೆ ಒಂದಕ್ಕಿಂತ ಹೆಚ್ಚು ಇರುವುದುಂಟು. ಮಗನ ಖಾತೆಯನ್ನು ಎಂದೋ ಒಮ್ಮೆ ಸೇರಿಸಿರುತ್ತಾರೆ, ಕಚೇರಿಯ ಖಾತೆ ಬೇರೆ ಇರುತ್ತದೆ. ಒಂದೊಂದನ್ನೂ ಒತ್ತಿ ‘Remove account’ ಎಂಬುದನ್ನು ಆರಿಸಿ, ಪಿನ್ ಕೇಳಿದಲ್ಲಿ ಕೊಟ್ಟು, ಒಂದೂ ಉಳಿಯದಂತೆ ತೆಗೆಯಬೇಕು.

ಅದೇ ಪಟ್ಟಿಯಲ್ಲಿ ಫೋನ್ ತಯಾರಿಸಿದ ಕಂಪನಿಯ ಖಾತೆಯೂ ಇರಬಹುದು. ಸ್ಯಾಮ್‌ಸಂಗ್ ಫೋನಿನಲ್ಲಿ ಸ್ಯಾಮ್‌ಸಂಗ್ ಖಾತೆ, ಶಿಯೋಮಿ ಅಥವಾ ರೆಡ್‌ಮಿ ಫೋನಿನಲ್ಲಿ ಎಂಐ ಖಾತೆ, ಹೀಗೆ. ಗೂಗಲ್ ಬೀಗವನ್ನು ತೆಗೆದರೂ ಇವುಗಳ ಬೀಗ ಪ್ರತ್ಯೇಕವಾಗಿ ಉಳಿದು, ಅಳಿಸಿದ ಮೇಲೆ ಫೋನನ್ನು ತಡೆಯಬಲ್ಲದು. ಇವುಗಳಿಂದ ಹೊರಬರಲು ಆಯಾ ಖಾತೆಯ ಪಾಸ್‌ವರ್ಡನ್ನು ಕೇಳುವುದುಂಟು. ಮರೆತಿದ್ದರೆ ಫೋನ್ ತೆರೆದಿರುವಾಗಲೇ ‘Forgot password’ ಮೂಲಕ ಹೊಸದನ್ನು ಪಡೆಯಬೇಕು.

ಖಾತೆಗಳೆಲ್ಲ ಹೋದ ಮೇಲೆ ಸಿಮ್ ಹಾಗೂ ಮೆಮೊರಿ ಕಾರ್ಡ್‌ಗಳನ್ನು ಹೊರಗೆ ತೆಗೆಯಬೇಕು. ಫೋನನ್ನು ಅಳಿಸಿದ ಮಾತ್ರಕ್ಕೆ ಮೆಮೊರಿ ಕಾರ್ಡ್ ಅಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಮಾರಿದ ಫೋನಿನೊಂದಿಗೆ ಮನೆಯ ಮದುವೆಯ ಚಿತ್ರಗಳು ಹೊರಟುಹೋಗುವುದು ಹೆಚ್ಚಾಗಿ ಈ ದಾರಿಯಲ್ಲಿ. ನಂತರ ಸೆಟ್ಟಿಂಗ್ಸ್‌ನಲ್ಲಿ ‘System’, ಅದರೊಳಗೆ ‘Reset options’, ಅದರೊಳಗೆ ‘Erase all data’ ಎಂದಿರುವುದನ್ನು ಆರಿಸಿ ಪಿನ್ ಕೊಡಬೇಕು. ಕೆಲವು ಫೋನ್‌ಗಳಲ್ಲಿ ಇದು ‘Factory data reset’ ಎಂದಿರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ reset ಎಂದು ಬರೆದರೂ ಸಿಗುತ್ತದೆ. ಫೋನ್ ಆರಿ, ಹೊತ್ತಿ, ಕೆಲವು ನಿಮಿಷಗಳಲ್ಲಿ ಸ್ವಾಗತದ ತೆರೆಗೆ ಬರುತ್ತದೆ.

ಅಳಿಸಿದ ಚಿತ್ರಗಳನ್ನು ಯಾರಾದರೂ ಮರಳಿ ತೆಗೆಯಬಲ್ಲರೇ ಎಂಬ ಸಂದೇಹವನ್ನು ಸದಸ್ಯರು, ವಿಶೇಷವಾಗಿ ಮಹಿಳಾ ಸದಸ್ಯರು, ವ್ಯಕ್ತಪಡಿಸುತ್ತಾರೆ. ಈಚಿನ ಫೋನ್‌ಗಳು ಒಳಗಿನ ಎಲ್ಲವನ್ನೂ ಸಂಕೇತ ಭಾಷೆಗೆ ತಿರುಗಿಸಿ ಇಡುತ್ತವೆ. ಅಳಿಸಿದಾಗ ಆ ಸಂಕೇತವನ್ನು ಬಿಡಿಸುವ ಕೀಲಿಯೇ ನಾಶವಾಗುವುದರಿಂದ ಉಳಿದದ್ದು ಯಾರಿಗೂ ಅರ್ಥವಾಗದ ಅಂಕಿಗಳ ರಾಶಿ ಮಾತ್ರ. 2015ಕ್ಕಿಂತ ಹಿಂದಿನ ಅನೇಕ ಅಗ್ಗದ ಫೋನ್‌ಗಳಲ್ಲಿ ಈ ವ್ಯವಸ್ಥೆ ಇರಲಿಲ್ಲ. ಅಂತಹ ಫೋನನ್ನು ಮಾರಿದರೆ ಸಿಗುವ ಹಣವೂ ಹೆಚ್ಚಲ್ಲವಾದ್ದರಿಂದ, ಖಾಸಗಿ ಚಿತ್ರಗಳಿದ್ದಲ್ಲಿ ಅದನ್ನು ಮಾರದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಬೀಗ ಹೋಗಿದೆಯೇ ಎಂದು ತಿಳಿಯುವ ಬಗೆ

ಸ್ವಾಗತದ ತೆರೆ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಅರಿವು ಕೇಂದ್ರಕ್ಕೆ ಹೋದ ಫೋನಿನಲ್ಲಿಯೂ ಸ್ವಾಗತದ ತೆರೆ ಬಂದಿತ್ತು. ಬೀಗ ತೋರುವುದು ಅಂತರ್ಜಾಲಕ್ಕೆ ಜೋಡಿಸಿದ ನಂತರ. ಆದುದರಿಂದ ಭಾಷೆ ಆರಿಸಿ, ವೈಫೈಗೆ ಜೋಡಿಸಿ, ಫೋನ್ ಗೂಗಲ್ ಖಾತೆಯನ್ನು ಕೇಳುವ ತೆರೆಯವರೆಗೆ ಹೋಗಬೇಕು. ಅಲ್ಲಿ ‘Skip’ ಎಂಬ ಆಯ್ಕೆ ಇದ್ದು, ಅದನ್ನು ಒತ್ತಿದಾಗ ಮುಂದಕ್ಕೆ ಬಿಟ್ಟರೆ ಬೀಗ ಹೋಗಿದೆ. ‘Skip’ ಇಲ್ಲದೆ ಹಿಂದಿನ ಖಾತೆಯನ್ನೋ ಹಿಂದಿನ ಪಿನ್ನನ್ನೋ ಕೇಳಿದರೆ ಬೀಗ ಇನ್ನೂ ಇದೆ. ಬೀಗ ಹೋಗಿರುವುದು ಖಚಿತವಾದ ಮೇಲೆ ಯಾವ ಖಾತೆಯನ್ನೂ ಹಾಕದೆ ಅಲ್ಲಿಯೇ ಫೋನನ್ನು ಆರಿಸಿ ಕೊಡಬಹುದು. ಪರೀಕ್ಷೆಗೆಂದು ತಮ್ಮ ಖಾತೆಯನ್ನು ಹಾಕಿ ನೋಡಿದರೆ ಬಿಚ್ಚಿದ ಬೀಗವನ್ನು ಮತ್ತೆ ಹಾಕಿದಂತಾಗುತ್ತದೆ.

ಹಳೆಯ ಫೋನನ್ನು ಕೊಳ್ಳುವವರೂ ಹಣ ಕೊಡುವ ಮುನ್ನ ಮಾರುವವರ ಎದುರಿನಲ್ಲಿಯೇ ಈ ಪರೀಕ್ಷೆಯನ್ನು ಮಾಡಿಸಬೇಕು. ಇದರೊಂದಿಗೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು, KYM ಎಂದು ಬರೆದು ಜಾಗ ಬಿಟ್ಟು, 14422ಕ್ಕೆ ಸಂದೇಶವಾಗಿ ಕಳುಹಿಸಿದರೆ ಆ ಫೋನಿನ ಸ್ಥಿತಿಯ ಮಾಹಿತಿ ಬರುತ್ತದೆ. ಕಳವಾದುದೆಂದು ದೂರು ನೀಡಿ ತಡೆಹಿಡಿಯಲಾದ ಫೋನಾದರೆ ಅದು ಇಲ್ಲಿ ಗೊತ್ತಾಗುತ್ತದೆ. ಆ ತಡೆಗೂ ಈ ಲೇಖನದ ಬೀಗಕ್ಕೂ ಸಂಬಂಧವಿಲ್ಲ. ಅದು ಮೊಬೈಲ್ ಜಾಲದ ತಡೆ.

ಬೀಗ ಬಿದ್ದುಹೋದಲ್ಲಿ

ಅರಿವು ಕೇಂದ್ರದ ಫೋನಿನ ವಿಷಯಕ್ಕೆ ಬರೋಣ. ಮೊದಲಿಗೆ ಖಾತೆಯನ್ನು ಮರಳಿ ಪಡೆಯಲು ಯತ್ನಿಸಲಾಯಿತು. g.co/recover ಎಂಬಲ್ಲಿ ಹೆಸರು ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಗೂಗಲ್ ಆ ಸಂಖ್ಯೆಗೆ ಒಂದು ಸಂಕೇತವನ್ನು ಕಳುಹಿಸುತ್ತದೆ. ಸಂಖ್ಯೆ ಕೈಬಿಟ್ಟುಹೋಗಿದ್ದರಿಂದ ಇದು ಫಲಿಸಲಿಲ್ಲ. ಬಳಕೆ ನಿಂತ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಲು ದೂರಸಂಪರ್ಕ ಕಂಪನಿಗಳಿಗೆ ಅವಕಾಶವಿದೆ. ಆದ್ದರಿಂದ ಸಿಮ್ ಬದಲಾಯಿಸಿದವರು ಖಾತೆಯಲ್ಲಿರುವ ಸಂಖ್ಯೆಯನ್ನೂ ಕೂಡಲೇ ಬದಲಾಯಿಸಬೇಕು. ಆಮೇಲೆ ಮೇಲ್ವಿಚಾರಕರು ತೆರೆಯನ್ನು ನಿಧಾನವಾಗಿ ಓದಿದಾಗ, ಖಾತೆಗೆ ಬದಲಾಗಿ ಹಿಂದಿನ ಪ್ಯಾಟರ್ನ್ ಹಾಕಿಯೂ ಮುಂದುವರಿಯಬಹುದೆಂಬುದು ಕಂಡಿತು. ಕೆಲವು ವರ್ಷಗಳಿಂದ ಬರುತ್ತಿರುವ ಫೋನ್‌ಗಳಲ್ಲಿ ಈ ಅನುಕೂಲವಿದೆ. ಸದಸ್ಯರಿಗೆ ಪ್ಯಾಟರ್ನ್ ನೆನಪಿರಲಿಲ್ಲ. ಆಟವಾಡಲು ದಿನವೂ ಆ ಫೋನ್ ತೆರೆಯುತ್ತಿದ್ದ ಅವರ ಮೊಮ್ಮಗಳ ಬೆರಳಿಗೆ ನೆನಪಿತ್ತು. ಅವಳು ಎಳೆದ ಎರಡನೆಯ ಗೆರೆಗೆ ಫೋನ್ ತೆರೆಯಿತು. ಬಳಿಕ ಸೆಟ್ಟಿಂಗ್ಸ್ ಮೂಲಕ ಮತ್ತೊಮ್ಮೆ ಅಳಿಸಿ, ‘Skip’ ಬರುವುದನ್ನು ಖಚಿತಪಡಿಸಿಕೊಂಡು ಅರಿವು ಕೇಂದ್ರದ ದಾಸ್ತಾನಿಗೆ ಸೇರಿಸಲಾಯಿತು.

ಮೊಮ್ಮಗಳಿಲ್ಲದವರು ಏನು ಮಾಡಬೇಕು? ಖಾತೆಯ ಹೆಸರು ತಿಳಿದಿದ್ದು ಪಾಸ್‌ವರ್ಡ್ ಮರೆತಿದ್ದರೆ ಮೇಲಿನ ವಿಳಾಸದಲ್ಲಿ ಹೊಸ ಪಾಸ್‌ವರ್ಡ್ ಪಡೆಯಬಹುದು. ಹಾಗೆ ಬದಲಾಯಿಸಿದ ಮೇಲೆ 24 ಗಂಟೆ ಕಾದು ನಂತರ ಫೋನಿನಲ್ಲಿ ಹಾಕಬೇಕು. ಕೂಡಲೇ ಹಾಕಿದರೆ ಫೋನ್ ಒಪ್ಪದಿರಬಹುದು. ಏನೂ ನೆನಪಿಲ್ಲದಿದ್ದರೆ ಕೊಂಡ ಬಿಲ್ಲು ಹಾಗೂ ಗುರುತಿನ ಚೀಟಿಯೊಂದಿಗೆ ಆ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸುವುದೊಂದೇ ಉಳಿದ ದಾರಿ. ಬಿಲ್ಲಿನಲ್ಲಿ ಐಎಂಇಐ ಸಂಖ್ಯೆ ಇದ್ದರೆ ಕೆಲಸ ಸುಲಭ. ಬೀಗ ಒಡೆದುಕೊಡುವುದಾಗಿ ಹೇಳುವ ಅಂಗಡಿಗಳು ಎಲ್ಲ ಪೇಟೆಗಳಲ್ಲಿಯೂ ಇವೆ. ಅವರು ಫೋನಿಗೆ ಯಾವ ತಂತ್ರಾಂಶವನ್ನು ತುಂಬುತ್ತಾರೆಂಬುದು ನಮಗೆ ಗೊತ್ತಾಗುವಂತಿಲ್ಲ. ಮುಂದೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರವಾಗಲಿ ಪಂಚಾಯಿತಿಯ ಕೆಲಸವಾಗಲಿ ಮಾಡುವುದು ಉಚಿತವಲ್ಲ.

ದೂರದಿಂದ ತೆಗೆಯುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕೊಟ್ಟ ಫೋನನ್ನು ಕಂಪ್ಯೂಟರಿನಲ್ಲಿ ಕುಳಿತು ಗೂಗಲ್ ಖಾತೆಯ ಸಾಧನಗಳ ಪಟ್ಟಿಯಿಂದ ಹೊರಗೆ ಹಾಕಿದರೆ ಬೀಗ ಹೋಗುತ್ತದೆಂದು ಹಲವರು ನಂಬಿದ್ದಾರೆ. ಅದರಿಂದ ಖಾತೆಯೊಳಗಿನ ಪ್ರವೇಶ ನಿಲ್ಲುತ್ತದೆ, ಬೀಗ ಹೋಗುವುದಿಲ್ಲ. ಐಫೋನಿನಲ್ಲಿ ಮಾತ್ರ ಇದು ಸಾಧ್ಯ: ಮಾಲೀಕರು icloud.com/find ಪ್ರವೇಶಿಸಿ, ಫೋನನ್ನು ಅಳಿಸಿ, ಖಾತೆಯಿಂದ ತೆಗೆದುಹಾಕಿದರೆ ಊರು ದಾಟಿದ ಫೋನಿನ ಬೀಗವೂ ಬಿಚ್ಚುತ್ತದೆ. ಕೈಯಲ್ಲಿಯೇ ಇರುವ ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೇಲ್ತುದಿಯ ಹೆಸರನ್ನು ಒತ್ತಿ, ಕೆಳಗಿನ ‘Sign Out’ ಆರಿಸಿ, ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೊಟ್ಟು ಹೊರಬಂದು, ನಂತರ ‘General’, ‘Transfer or Reset iPhone’, ‘Erase All Content and Settings’ ಎಂಬ ಕ್ರಮದಲ್ಲಿ ಅಳಿಸಬೇಕು.

ಕಂತಿನಲ್ಲಿ ಕೊಂಡ ಫೋನ್‌ಗಳಲ್ಲಿ ಸಾಲ ಕೊಟ್ಟವರ ಬೀಗವೂ ಇರಬಹುದು. ಅದು ಮೇಲಿನ ಯಾವ ಕ್ರಮದಿಂದಲೂ ಹೋಗುವುದಿಲ್ಲ. ಕಂತು ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ಬೀಗವನ್ನು ಅವರಿಂದಲೇ ಬಿಡಿಸಿಕೊಂಡು ಆಮೇಲೆ ಮಾರಬೇಕು.

ಪಂಚಾಯಿತಿಯ ಫೋನ್‌ಗಳು

ಪಂಚಾಯಿತಿಯ ಹಣದಲ್ಲಿ ಕೊಂಡ ಫೋನ್ ಮತ್ತು ಟ್ಯಾಬ್‌ಗಳಿಗೆ ಈ ತೊಂದರೆ ಬೇರೊಂದು ಬಗೆಯಲ್ಲಿ ಬರುತ್ತದೆ. ಅವನ್ನು ಬಳಸುವ ಸಿಬ್ಬಂದಿ ಮೊದಲ ದಿನ ತಮ್ಮ ಸ್ವಂತ ಖಾತೆಯನ್ನೇ ಹಾಕಿ ಕೆಲಸ ಆರಂಭಿಸುತ್ತಾರೆ. ವರ್ಗಾವಣೆಯೋ ರಾಜೀನಾಮೆಯೋ ಆದಾಗ ಸ್ವಂತ ವಿವರ ಉಳಿಯದಿರಲೆಂದು ಗುಂಡಿ ಒತ್ತಿ ಅಳಿಸಿ, ಬೀರುವಿನಲ್ಲಿಟ್ಟು ಹೋಗುತ್ತಾರೆ. ಯಾರ ದುರುದ್ದೇಶವೂ ಇಲ್ಲ, ಆದರೂ ಬಂದವರಿಗೆ ಫೋನ್ ತೆರೆಯದು. ಇದಕ್ಕಾಗಿ ಫೋನ್ ಕೊಂಡ ದಿನವೇ ಪಂಚಾಯಿತಿಯ ಹೆಸರಿನಲ್ಲಿ ಖಾತೆಯೊಂದನ್ನು ತೆರೆದು, ಅದಕ್ಕೆ ಕಚೇರಿಯಲ್ಲಿಯೇ ಉಳಿಯುವ ಮೊಬೈಲ್ ಸಂಖ್ಯೆಯನ್ನು ಕೊಟ್ಟು, ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ವಶದಲ್ಲಿ ಇಡುವುದು ಸೂಕ್ತ. ದಾಸ್ತಾನು ವಹಿಯಲ್ಲಿ ಫೋನಿನ ಐಎಂಇಐ ಸಂಖ್ಯೆಯ ಪಕ್ಕದಲ್ಲಿ ಖಾತೆಯ ಹೆಸರನ್ನೂ ಬರೆದಿರಬೇಕು. ಪಾಸ್‌ವರ್ಡನ್ನು ವಹಿಯಲ್ಲಿ ಬರೆಯಬಾರದು.

ಸಿಬ್ಬಂದಿ ಬದಲಾದಾಗ ಪ್ರಭಾರ ಪಟ್ಟಿಯಲ್ಲಿ ಫೋನ್ ಒಂದು ಎಂದು ಬರೆದು ಸಹಿ ಹಾಕುವ ಮುನ್ನ, ಹೋಗುವವರೂ ಬರುವವರೂ ಒಟ್ಟಿಗೆ ಕುಳಿತು ಖಾತೆ ತೆಗೆದು, ಅಳಿಸಿ, ‘Skip’ ಬರುವುದನ್ನು ನೋಡಬೇಕು. ಅರ್ಧ ಗಂಟೆ ಹಿಡಿಯಬಹುದು. ಸದ್ಯ ಬೀರುವಿನಲ್ಲಿ ಬೀಗ ಬಿದ್ದು ಕುಳಿತಿರುವ ಫೋನ್‌ಗಳಿದ್ದರೆ, ಅವನ್ನು ಕೊನೆಯದಾಗಿ ಬಳಸಿದವರು ಯಾರೆಂದು ವಹಿಯಲ್ಲಿ ನೋಡಿ ಅವರನ್ನು ಒಂದು ದಿನ ಕಚೇರಿಗೆ ಬರಮಾಡಿಕೊಳ್ಳಬಹುದು. ಪಾಸ್‌ವರ್ಡನ್ನು ದೂರವಾಣಿಯಲ್ಲಿ ಹೇಳುವಂತೆ ಅವರನ್ನು ಒತ್ತಾಯಿಸಬಾರದು. ಅದು ಅವರ ಸ್ವಂತ ಖಾತೆ, ಅವರೇ ಬಂದು ತಮ್ಮ ಕೈಯಿಂದ ಹಾಕಿ ತೆಗೆಯಲಿ.